ಗಾಣ ಹಾಕೋ ಮುಂಚೆ ಗಿರಾಕಿ ಇದ್ದಾರಾ ನೋಡಿ: ಐದು ಲಕ್ಷ ಸುರಿಯುವ ಮೊದಲು ಎರಡು ತಿಂಗಳ ಪರೀಕ್ಷೆ

ಚಿತ್ರದುರ್ಗ: ಜಿಲ್ಲೆಯ ಶೇಂಗಾ ಸೀಮೆಯಲ್ಲಿ ಸ್ವಂತ ವ್ಯಾಪಾರದ ಮಾತು ಬಂದರೆ ಸಾಕು, ಮರದ ಗಾಣದ ಹೆಸರು ಬಂದೇ ಬರುತ್ತದೆ. ಬೀಜ ಊರಲ್ಲೇ ಸಿಗುತ್ತೆ, ಎಣ್ಣೆ ನಗರಿ ಅಂತಲೇ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇದೆ, ಜನ ಪ್ಯಾಕೆಟ್ ಎಣ್ಣೆ ಬೇಡ ಅಂತಿದ್ದಾರೆ, ಮತ್ತೇನು ಬೇಕು ಅನ್ನುವುದು ಲೆಕ್ಕ. ಗಾಣ, ಮೋಟಾರು, ಎಣ್ಣೆ ಸೋಸುವ ಡ್ರಮ್ಮು, ಮಳಿಗೆ ಅಡ್ವಾನ್ಸ್ ಎಲ್ಲ ಸೇರಿ ನಾಲ್ಕೈದು ಲಕ್ಷ ಹೊಂದಿಸಿ ಅಂಗಡಿ ತೆರೆದುಬಿಡುತ್ತಾರೆ. ಗಿರಾಕಿ ಎಷ್ಟಿದ್ದಾರೆ ಅನ್ನುವುದು ಗೊತ್ತಾಗುವುದು ಆಮೇಲೆ.

ಈ ಕ್ರಮವನ್ನು ತಿರುಗಿಸಬಹುದು. ಗಾಣ ಕೊಳ್ಳದೆ, ಮಳಿಗೆ ಹಿಡಿಯದೆ, ಮೊದಲು ಎಣ್ಣೆ ಮಾರಿ ನೋಡಬಹುದು. ಅದಕ್ಕೆ ಬೇಕಾಗುವುದು ಎರಡು ತಿಂಗಳು ಸಮಯ ಮತ್ತು ಹತ್ತು ಹದಿನೈದು ಸಾವಿರ ರೂಪಾಯಿ. ಅದರಲ್ಲೂ ಬಹುಪಾಲು ಮಾರಾಟದಿಂದಲೇ ವಾಪಸ್ ಬರುತ್ತದೆ. ಹೇಗೆ ಅನ್ನುವುದನ್ನು ಒಂದು ಉದಾಹರಣೆ ಹಿಡಿದು ಇಲ್ಲಿ ವಿವರಿಸಲಾಗಿದೆ. ಇದರಲ್ಲಿ ಬರುವ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮೂರಿನ ಇವತ್ತಿನ ದರ ಹಾಕಿಕೊಂಡು ಇದೇ ಲೆಕ್ಕ ಮಾಡಿಕೊಳ್ಳಬೇಕು.

ಮೊದಲ ಪ್ರಶ್ನೆ: ತಿಂಗಳಿಗೆ ಎಷ್ಟು ಲೀಟರ್ ಹೋಗಬೇಕು?

ಗಿರಾಕಿ ಇದ್ದಾರಾ ಅಂತ ಹುಡುಕುವ ಮುಂಚೆ ಎಷ್ಟು ಗಿರಾಕಿ ಬೇಕು ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಇಪ್ಪತ್ತು ಮನೆಯವರು ಎಣ್ಣೆ ತಗೊಂಡರೂ ವ್ಯಾಪಾರ ಜೋರಾಗಿದೆ ಅನ್ನಿಸಿಬಿಡುತ್ತದೆ.

ಒಂದು ಲೀಟರ್ ಗಾಣದ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಶೇಂಗಾ ಬೀಜ ಬೇಕು. ಬೀಜ ಕೆ.ಜಿ.ಗೆ 110 ರೂಪಾಯಿ ಅಂತ ಇಟ್ಟುಕೊಂಡರೆ 275 ರೂಪಾಯಿ ಆಯಿತು. ಉಳಿಯುವ ಹಿಂಡಿ ಒಂದೂವರೆ ಕೆ.ಜಿ. ಹತ್ತಿರ ಬರುತ್ತದೆ. ಅದನ್ನು ದನ ಸಾಕಿದವರಿಗೆ ಕೆ.ಜಿ.ಗೆ 40 ರೂಪಾಯಿಯಂತೆ ಕೊಟ್ಟರೆ 60 ರೂಪಾಯಿ ವಾಪಸ್. ಅಲ್ಲಿಗೆ ಬೀಜದ ಖರ್ಚು 215. ಬಾಟಲಿ, ಲೇಬಲ್, ಕರೆಂಟು, ಸೋಸುವಾಗ ಹೋಗುವ ಮಡ್ಡಿ ಎಲ್ಲಕ್ಕೂ 25 ಸೇರಿಸಿದರೆ 240. ಲೀಟರಿಗೆ 320ರಂತೆ ಮಾರಿದರೆ ಕೈಯಲ್ಲಿ ಉಳಿಯುವುದು 80 ರೂಪಾಯಿ.

ಈಗ ತಿಂಗಳ ಖರ್ಚು. ಐದು ಲಕ್ಷದ ಯೋಜನೆಗೆ ಒಂದು ಲಕ್ಷ ಸ್ವಂತ ಹಾಕಿ ನಾಲ್ಕು ಲಕ್ಷ ಸಾಲ ಮಾಡಿದರೆ, ಶೇ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ಸುಮಾರು 8,700 ರೂಪಾಯಿ ಬರುತ್ತದೆ. ಬಾಡಿಗೆ 5,000, ಒಬ್ಬ ಸಹಾಯಕನಿಗೆ 10,000, ಉಳಿದ ಚಿಲ್ಲರೆ ಖರ್ಚು 2,300. ಒಟ್ಟು 26,000. ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ದಿನವಿಡೀ ಗಾಣದ ಮುಂದೆ ಕೂತ ಮಾಲೀಕನ ಮನೆ ನಡೆಯಬೇಕಲ್ಲ? ಅವನಿಗೆ ಕನಿಷ್ಠ 14,000 ಹಿಡಿದರೂ ತಿಂಗಳ ಖರ್ಚು 40,000 ಆಗುತ್ತದೆ.

ನಲವತ್ತು ಸಾವಿರವನ್ನು 80ರಿಂದ ಭಾಗಿಸಿದರೆ 500. ಅಂದರೆ ತಿಂಗಳಿಗೆ 500 ಲೀಟರ್ ಎಣ್ಣೆ, ಪ್ರತಿ ತಿಂಗಳೂ, ನಗದಿಗೆ ಹೋಗಬೇಕು. ಪರೀಕ್ಷೆಯಲ್ಲಿ ಉತ್ತರ ಸಿಗಬೇಕಾದ್ದು ಈ ಒಂದು ಸಂಖ್ಯೆಗೆ. ಇದನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡೇ ಮುಂದೆ ಹೋಗಬೇಕು. ಫಲಿತಾಂಶ ನೋಡಿದ ಮೇಲೆ ಗುರಿ ಇಟ್ಟುಕೊಂಡರೆ ಮನಸ್ಸು ತನಗೆ ಬೇಕಾದ ಹಾಗೆ ಗುರಿಯನ್ನು ಇಳಿಸಿಕೊಳ್ಳುತ್ತದೆ.

ಗಾಣ ಇಲ್ಲದೆ ಎಣ್ಣೆ ಮಾರುವುದು

ಪರೀಕ್ಷೆಗೆ ಸ್ವಂತ ಗಾಣ ಬೇಕಿಲ್ಲ. ಈಗಾಗಲೇ ನಡೆಯುತ್ತಿರುವ ಗಾಣಕ್ಕೆ ಬೀಜ ಕೊಟ್ಟು, ಕೂಲಿ ತೆತ್ತು ಎಣ್ಣೆ ತೆಗೆಸಿಕೊಂಡರೆ ಆಯಿತು. ಕೂಲಿ ಬೀಜದ ಕೆ.ಜಿ.ಗೆ 20 ರೂಪಾಯಿ ಅಂದರೆ ಲೀಟರಿಗೆ 50 ರೂಪಾಯಿ ಹೆಚ್ಚು ಬೀಳುತ್ತದೆ. ಲಾಭ ಬಹುತೇಕ ಅಲ್ಲೇ ಹೋಗುತ್ತದೆ. ಹೋಗಲಿ. ಈ ಎರಡು ತಿಂಗಳು ದುಡಿಯುವುದು ಲಾಭಕ್ಕಲ್ಲ, ಉತ್ತರಕ್ಕೆ.

ಇದು ಹೊಸ ಉಪಾಯವೇನಲ್ಲ. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಅನ್ನುವವರಿಗೆ ಇಂಟರ್ನೆಟ್‌ನಲ್ಲಿ ಚಪ್ಪಲಿ, ಶೂ ಮಾರಬೇಕು ಅನ್ನಿಸಿತು. ಕಾಲಿಗೆ ಹಾಕಿ ನೋಡದೆ ಶೂ ಯಾರು ಕೊಳ್ತಾರೆ ಅನ್ನುವುದೇ ಎಲ್ಲರ ಅನುಮಾನ. ಅವರು ಗೋದಾಮು ಕಟ್ಟಲಿಲ್ಲ, ಸ್ಟಾಕ್ ತರಿಸಲಿಲ್ಲ. ಊರಿನ ಶೂ ಅಂಗಡಿಗೆ ಹೋಗಿ ಫೋಟೋ ತೆಗೆದು ಹಾಕಿದರು. ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಅಂಗಡಿ ದರಕ್ಕೇ ಕೊಂಡು ಕಳಿಸಿದರು. ಅದರಲ್ಲಿ ಲಾಭ ಇರಲಿಲ್ಲ. ಆದರೆ ಜನ ದುಡ್ಡು ಕೊಟ್ಟು ಕೊಳ್ತಾರೆ ಅನ್ನುವುದು ಗೊತ್ತಾಯಿತು. ಆ ಕಂಪನಿಯೇ ಜ್ಯಾಪೋಸ್. 2009ರಲ್ಲಿ ಅದನ್ನು ಅಮೆಜಾನ್ ಕೊಂಡುಕೊಂಡಿತು. ಶೂ ಜಾಗದಲ್ಲಿ ಎಣ್ಣೆ ಇಡಿ, ಬೇರೆಯವರ ಅಂಗಡಿ ಜಾಗದಲ್ಲಿ ಬೇರೆಯವರ ಗಾಣ ಇಡಿ, ಕೆಲಸ ಒಂದೇ.

ಇಲ್ಲಿ ಒಂದು ಎಚ್ಚರ ಬೇಕು. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಕ್ಯಾನಿನಿಂದ ಸುರಿದು ಮಾರುವುದಕ್ಕೆ ಆಹಾರ ಸುರಕ್ಷತಾ ನಿಯಮದಲ್ಲಿ ಅವಕಾಶವಿಲ್ಲ. ಸೀಲ್ ಮಾಡಿದ, ಲೇಬಲ್ ಇರುವ ಪ್ಯಾಕಿನಲ್ಲೇ ಮಾರಬೇಕು. ಹಾಗಾಗಿ ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಗಾಣದವರನ್ನೇ ಹುಡುಕಿ, ಅವರ ಕಡೆಯಿಂದಲೇ ಅವರ ಲೇಬಲ್‌ನಲ್ಲಿ ಬಾಟಲಿ ತುಂಬಿಸಿಕೊಳ್ಳುವುದು ಒಳ್ಳೆಯದು. ಎಣ್ಣೆ ಎಲ್ಲಿ ತೆಗೆಸಿದ್ದು ಅಂತ ಗಿರಾಕಿಗೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕಾಗುತ್ತದೆ, ಸಣ್ಣ ವ್ಯಾಪಾರಿಗಳಿಗೆ ಅದು ದುಬಾರಿಯೇನಲ್ಲ.

‘ತಗೋತೀರಾ?’ ಅಂತ ಕೇಳಬೇಡಿ

ನಮ್ಮ ಕಡೆ ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವುದು ಕಷ್ಟ. “ಗಾಣದ ಎಣ್ಣೆ ಮಾಡ್ತೀನಿ, ತಗೋತೀರಾ ಅಕ್ಕ?” ಅಂದರೆ “ಅಯ್ಯೋ ಮಾಡಪ್ಪ, ಒಳ್ಳೇದು, ನಾವೇ ತಗೋತೀವಿ” ಅನ್ನುವ ಮಾತೇ ಬರುವುದು. ಅದು ಸುಳ್ಳಲ್ಲ, ಮರ್ಯಾದೆ. ಆದರೆ ಆ ಮಾತಿನ ಮೇಲೆ ಸಾಲ ಮಾಡಲಾಗುವುದಿಲ್ಲ.

ಮುಂದೆ ಏನು ಮಾಡ್ತೀರಿ ಅನ್ನುವುದರ ಬದಲು ಈಗಾಗಲೇ ಏನು ಮಾಡಿದ್ದೀರಿ ಅಂತ ಕೇಳಬೇಕು. “ಹೋದ ತಿಂಗಳು ಎಣ್ಣೆ ಎಷ್ಟು ತಂದ್ರಿ? ಎಲ್ಲಿಂದ ತಂದ್ರಿ? ಎಷ್ಟು ಕೊಟ್ರಿ? ಗಾಣದ ಎಣ್ಣೆ ಯಾವತ್ತಾದ್ರೂ ತಂದಿದ್ರಾ? ಮತ್ತೆ ಯಾಕೆ ಬಿಟ್ರಿ?” ಕೊನೆಯ ಪ್ರಶ್ನೆ ಬಹಳ ಮುಖ್ಯ. ಒಮ್ಮೆ ತಂದು ಬಿಟ್ಟವರು ಹೇಳುವ ಕಾರಣ, “ರೇಟು ಜಾಸ್ತಿ”, “ಕರಿಯೋಕಿಟ್ರೆ ನೊರೆ ಬಂತು”, “ಅಂಗಡಿ ದೂರ”, ಇವೇ ನಿಮ್ಮ ಗಿರಾಕಿಯೂ ನಾಳೆ ಹೇಳುವ ಕಾರಣಗಳು.

ಇಷ್ಟಾದ ಮೇಲೆ ದರ ಹೇಳಬೇಕು. ಲೀಟರಿಗೆ 320, ಇಂಥ ದಿನ ಮನೆಗೇ ತಂದುಕೊಡ್ತೀವಿ, ಬೇಕಿದ್ದರೆ ಲೀಟರಿಗೆ 100 ರೂಪಾಯಿ ಮುಂಗಡ ಕೊಟ್ಟು ಹೆಸರು ಬರೆಸಿ. ಹೇಳಿದ ದಿನ ಎಣ್ಣೆ ಬರದಿದ್ದರೆ ಮುಂಗಡ ವಾಪಸ್ ಅಂತ ಚೀಟಿ ಬರೆದುಕೊಡಬೇಕು. ನೂರು ರೂಪಾಯಿ ದೊಡ್ಡ ದುಡ್ಡಲ್ಲ. ಆದರೆ ಪರ್ಸಿಗೆ ಕೈ ಹಾಕುವಾಗ ಮನುಷ್ಯ ಒಂದು ಸಲ ಯೋಚನೆ ಮಾಡುತ್ತಾನೆ. ನಮಗೆ ಬೇಕಾದ್ದು ಆ ಯೋಚನೆಯ ಫಲಿತಾಂಶ. ಎಷ್ಟು ಲೀಟರಿಗೆ ಮುಂಗಡ ಬಂತೋ ಅಷ್ಟಕ್ಕೆ ಮಾತ್ರ ಬೀಜ ಕೊಳ್ಳಬೇಕು.

ಕೇಳುವ ಮನೆಗಳಲ್ಲಿ ನೆಂಟರು, ಸ್ನೇಹಿತರು ಇರಬಾರದು. ಅವರು ಎಣ್ಣೆಗಲ್ಲ, ಮುಖ ನೋಡಿ ದುಡ್ಡು ಕೊಡುತ್ತಾರೆ. ಪರಿಚಯ ಇಲ್ಲದ ಬೀದಿಯ ಅರವತ್ತು ಮನೆ ಸಾಕು.

ಅರವತ್ತು ಮನೆಯಿಂದ ಒಂಬತ್ತು ಮನೆ

ಒಂದು ಉದಾಹರಣೆ ಹೀಗಿರಲಿ. ಅರವತ್ತು ಮನೆಯಲ್ಲಿ 46 ಮನೆಯವರು ಒಳ್ಳೆಯದು, ತನ್ನಿ ಅಂದರು. ಮುಂಗಡ ಕೊಟ್ಟವರು 19. ಎಣ್ಣೆ ತಂದಾಗ ಬಾಕಿ ಹಣ ಕೊಟ್ಟು ತಗೊಂಡವರು 16. ಇಲ್ಲಿಗೆ ಒಂದು ತಿಂಗಳ ಕೆಲಸ ಮುಗಿಯಿತು. ಹದಿನಾರು ಮನೆ ಅಂದರೆ ಕಾಲುಭಾಗಕ್ಕಿಂತ ಹೆಚ್ಚು, ಪರವಾಗಿಲ್ಲ ಅನ್ನಿಸುತ್ತದೆ.

ಆದರೆ ಎಣ್ಣೆ ಒಂದು ಸಲ ಕೊಂಡು ಮುಗಿಯುವ ಸಾಮಾನಲ್ಲ. ಮೊದಲ ಬಾಟಲಿಯನ್ನು ಜನ ರುಚಿ ನೋಡೋಣ ಅಂತ ಕೊಳ್ಳುತ್ತಾರೆ. ಎರಡನೆಯದನ್ನು ಪ್ಯಾಕೆಟ್ ಎಣ್ಣೆಯ ದರದ ಪಕ್ಕ ಇಟ್ಟು ನೋಡಿ ಕೊಳ್ಳುತ್ತಾರೆ. ಅದಕ್ಕೇ ಪರೀಕ್ಷೆ ಎರಡು ತಿಂಗಳು ನಡೆಯಬೇಕು. ಎರಡನೇ ತಿಂಗಳು ಒಂದೇ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಹಾಕಿ, ಇಂಥ ದಿನ ಎಣ್ಣೆ ಬರುತ್ತೆ, ಬೇಕಾದವರು ತಿಳಿಸಿ ಅನ್ನಬೇಕು. ಮನೆಗೆ ಹೋಗಿ ಮತ್ತೆ ಮತ್ತೆ ಕೇಳಬಾರದು. ನಮ್ಮ ಉದಾಹರಣೆಯಲ್ಲಿ ಹಾಗೆ ತಾವಾಗಿಯೇ ಹೇಳಿ, ದುಡ್ಡು ಕೊಟ್ಟು ತಗೊಂಡ ಮನೆ ಒಂಬತ್ತು.

ಇನ್ನೊಂದು ವಿಷಯವೂ ಆಗಲೇ ಗೊತ್ತಾಗುತ್ತದೆ. ಮನೆಗೆ ತಿಂಗಳಿಗೆ ಮೂರ್ನಾಲ್ಕು ಲೀಟರ್ ಎಣ್ಣೆ ಬೇಕು ಅಂತ ಲೆಕ್ಕ ಹಾಕಿರುತ್ತೇವೆ. ಆದರೆ ಗಾಣದ ಎಣ್ಣೆ ತಗೊಳ್ಳುವ ಎಷ್ಟೋ ಮನೆಗಳಲ್ಲಿ ಒಗ್ಗರಣೆ, ಪಲ್ಯ, ಚಟ್ನಿಪುಡಿಗೆ ಮಾತ್ರ ಅದು, ಪೂರಿ ಬಜ್ಜಿ ಕರಿಯಲು ಪ್ಯಾಕೆಟ್ ಎಣ್ಣೆಯೇ. ಹಾಗಾಗಿ ಮನೆಗೆ ಎರಡೇ ಲೀಟರ್ ಬಿತ್ತು ಅಂತ ಇಟ್ಟುಕೊಳ್ಳಿ. ಒಂಬತ್ತು ಮನೆಗೆ 18 ಲೀಟರ್.

ಈಗ ಹಾಳೆಯ ಮೇಲೆ ಬರೆದಿಟ್ಟ 500ನ್ನು ನೋಡಬೇಕು. ಅರವತ್ತು ಮನೆಯ ಬಾಗಿಲು ತಟ್ಟಿದರೆ 18 ಲೀಟರ್ ನಿಲ್ಲುತ್ತದೆ ಅಂದರೆ, 500 ಲೀಟರಿಗೆ ಸುಮಾರು 1,670 ಮನೆ ತಲುಪಬೇಕು. ಅಷ್ಟು ಮನೆಗೆ ಯಾರು ಹೋಗುತ್ತಾರೆ, ಎಷ್ಟು ತಿಂಗಳಲ್ಲಿ ಹೋಗುತ್ತಾರೆ, ಅಷ್ಟರವರೆಗೆ ಕಂತು ಯಾರು ಕಟ್ಟುತ್ತಾರೆ? ತನ್ನಿ ಅಂದ 46 ಮನೆಯನ್ನು ನಂಬಿದ್ದರೆ ಈ ಪ್ರಶ್ನೆಗಳು ಏಳುತ್ತಲೇ ಇರಲಿಲ್ಲ. 46 ಮನೆಗೆ ಮೂರು ಲೀಟರಿನಂತೆ ತಿಂಗಳಿಗೆ 138 ಲೀಟರ್ ಅಂತ ಬರೆದುಕೊಂಡು ನೇರ ಬ್ಯಾಂಕಿಗೆ ಹೋಗುವುದೇ ಆಗುತ್ತಿತ್ತು.

ಫಲಿತಾಂಶ ಕಡಿಮೆ ಬಂದರೆ ಐಡಿಯಾ ಬಿಡಬೇಕೇ?

ತಕ್ಷಣ ಬಿಡಬೇಕಿಲ್ಲ. ಮೊದಲು ಆ ಒಂಬತ್ತು ಮನೆ ಯಾರವು ಅಂತ ನೋಡಬೇಕು. ಒಂಬತ್ತರಲ್ಲಿ ಏಳು ಮನೆ ಶಿಕ್ಷಕರು, ಬ್ಯಾಂಕಿನವರು, ಇಲಾಖೆ ನೌಕರರು ಹೀಗೆ ತಿಂಗಳ ಸಂಬಳದವರದ್ದು ಆಗಿದ್ದರೆ ಅದು ದೊಡ್ಡ ಸುಳಿವು. ಆಗ ಎರಡನೇ ಸುತ್ತಿನಲ್ಲಿ ಅಂಥ 30 ಮನೆಗಳಲ್ಲಿ ಮಾತ್ರ ಇದೇ ಪರೀಕ್ಷೆ ಮಾಡಬಹುದು. ಅವರಲ್ಲಿ 12 ಮನೆ ಮತ್ತೆ ಕೊಂಡರೆ 24 ಲೀಟರ್ ಆಯಿತು. ಈ ಲೆಕ್ಕದಲ್ಲಿ 500 ಲೀಟರಿಗೆ ತಲುಪಬೇಕಾದ ಮನೆ 1,670 ಅಲ್ಲ, 625. ಅಂಥ 625 ಮನೆ ನಿಮ್ಮ ಪಟ್ಟಣದಲ್ಲಿ ಇವೆಯಾ, ಅವರಲ್ಲಿ ಎಷ್ಟು ಜನ ಈಗಾಗಲೇ ಬೇರೆ ಗಾಣದ ಗಿರಾಕಿ ಅನ್ನುವುದನ್ನು ಕೂತು ಎಣಿಸಬಹುದು. ಉತ್ತರ ಹೌದು ಅಂದರೆ ಗಾಣದ ಮಾತಾಡಬಹುದು. ಇಲ್ಲ ಅಂದರೆ ಕೂಲಿಗೆ ಎಣ್ಣೆ ತೆಗೆಸಿ ಇರುವ ಗಿರಾಕಿಗಳಿಗೆ ಕೊಡುತ್ತಾ, ಅದನ್ನು ಸಣ್ಣ ಉಪ ಆದಾಯವಾಗಿ ಇಟ್ಟುಕೊಳ್ಳಬಹುದು. ಕಂತಿನ ಭಾರವಂತೂ ಇರುವುದಿಲ್ಲ.

ಪರೀಕ್ಷೆಯೇ ದಾರಿ ತಪ್ಪಿಸುವ ಮೂರು ಕಡೆ

ಮೊದಲನೆಯದು ಉದ್ದರಿ. “ಬರ್ಕೊಳ್ಳಿ, ಸಂಬಳ ಆದ್ಮೇಲೆ ಕೊಡ್ತೀವಿ” ಅಂದ ಬಾಟಲಿಯನ್ನು ಮಾರಾಟ ಅಂತ ಎಣಿಸಬಾರದು. ಊರಿನ ವ್ಯಾಪಾರದಲ್ಲಿ ಉದ್ದರಿ ಇದ್ದದ್ದೇ, ಆದರೆ ಪರೀಕ್ಷೆಯ ಎರಡು ತಿಂಗಳು ನಗದು ಅಥವಾ ಫೋನ್‌ನಲ್ಲಿ ಬಂದ ಹಣ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ಕಿರಾಣಿ ಅಂಗಡಿ. ಪರಿಚಯದ ಅಂಗಡಿಯವರು “ಇಟ್ಟು ಹೋಗಿ, ಹೋದ್ಮೇಲೆ ದುಡ್ಡು ಕೊಡ್ತೀನಿ” ಅಂತ ಹತ್ತು ಬಾಟಲಿ ಇಟ್ಟುಕೊಂಡರೆ ಹತ್ತು ಮಾರಾಟವಾದ ಹಾಗಲ್ಲ. ಅದು ಜಾಗ ಬದಲಾಯಿಸಿದ ಸ್ಟಾಕ್ ಅಷ್ಟೇ. ಹದಿನೈದು ದಿನ ಬಿಟ್ಟು ಹೋಗಿ, ಗಿರಾಕಿ ಕೈಗೆ ಹೋದದ್ದೆಷ್ಟು ಅಂತ ಎಣಿಸಬೇಕು. ಜೊತೆಗೆ ಅಂಗಡಿಯವರಿಗೆ ಕಮಿಷನ್ ಕೊಡಬೇಕು. ಶೇ 10 ಅಂದರೂ ಬಾಟಲಿಗೆ 32 ರೂಪಾಯಿ. ಆಗ ಉಳಿಯುವುದು 80 ಅಲ್ಲ, 48. ಎಲ್ಲ ಎಣ್ಣೆಯನ್ನೂ ಅಂಗಡಿ ಮೂಲಕವೇ ಮಾರುವುದಾದರೆ 500 ಲೀಟರಿನ ಗುರಿ 833ಕ್ಕೆ ಏರುತ್ತದೆ.

ಮೂರನೆಯದು ಸೀಸನ್. ಮುಂಗಾರು ಶೇಂಗಾ ಕಿತ್ತು ಮಾರುಕಟ್ಟೆಗೆ ಬರುವುದು ಅಕ್ಟೋಬರ್, ನವೆಂಬರ್ ಸುಮಾರಿಗೆ. ಆವಕ ಜಾಸ್ತಿ ಇರುವಾಗ ಅಗ್ಗದ ಬೀಜದಲ್ಲಿ ಪರೀಕ್ಷೆ ಮಾಡಿದರೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಮುಂದಿನ ಬೆಳೆ ಬರುವ ಮುಂಚಿನ ತಿಂಗಳುಗಳಲ್ಲಿ ಬೀಜದ ದರ ಕೆ.ಜಿ.ಗೆ 20 ರೂಪಾಯಿ ಏರಿತು ಅಂದರೆ ಲೀಟರಿಗೆ 50 ರೂಪಾಯಿ ಹೆಚ್ಚಾಯಿತು. ಎಂಬತ್ತು ರೂಪಾಯಿ ಲಾಭ ಮೂವತ್ತಕ್ಕೆ ಇಳಿಯುತ್ತದೆ. ಆದ್ದರಿಂದ ಗಿರಾಕಿಗೆ ಹೇಳುವ ದರವನ್ನು ಆ ದುಬಾರಿ ತಿಂಗಳ ಬೀಜದ ಮೇಲೆಯೇ ಲೆಕ್ಕ ಹಾಕಿ ಹೇಳಬೇಕು. ಆ ದರಕ್ಕೂ ಜನ ಎರಡನೇ ಸಲ ಕೊಂಡರೆ ಅದು ನಿಜವಾದ ಬೇಡಿಕೆ. ಹಾಗೆಯೇ ಹಬ್ಬ, ಮದುವೆ ತಿಂಗಳ ಮಾರಾಟವನ್ನು ವರ್ಷವಿಡೀ ಹೀಗೇ ಇರುತ್ತೆ ಅಂತ ಹಿಡಿಯಬಾರದು.

ಸಬ್ಸಿಡಿ ಗಿರಾಕಿಯನ್ನು ತರುವುದಿಲ್ಲ

“ಸಬ್ಸಿಡಿ ಇದೆಯಲ್ಲ, ಹಾಕಿಬಿಡೋಣ” ಅನ್ನುವ ಮಾತು ಸಾಮಾನ್ಯ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಹೊಂದಿಕೊಂಡ ಸಹಾಯಧನ ಇಟ್ಟಿತು. ಫಲಾನುಭವಿ ಕನಿಷ್ಠ ಶೇ 10 ಸ್ವಂತ ಹಣ ಹಾಕಬೇಕು. ಆದರೆ ಆ ಸಹಾಯಧನ ಮೊದಲ ದಿನವೇ ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲಿ ಬೇರೆಯಾಗಿ ಇದ್ದು, ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷದ ನಂತರ, ಘಟಕ ನಡೆಯುತ್ತಿದ್ದು ಸಾಲದ ಖಾತೆ ಸರಿಯಾಗಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಅಂದರೆ ಮೂರು ವರ್ಷ ಅಂಗಡಿ ನಡೆಸಬೇಕಾದ್ದು ಗಿರಾಕಿಯ ದುಡ್ಡಿನಿಂದಲೇ. ಈಗಿನ ನಿಯಮ ಹೇಗಿದೆ ಅಂತ ಬ್ಯಾಂಕ್ ಮತ್ತು ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಿಯೇ ಅರ್ಜಿ ಹಾಕಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಣ ಪೂರ್ತಿ ಪುಕ್ಕಟೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ತಿಂಗಳ 40,000ದಲ್ಲಿ ಕಂತಿನ 8,700 ತೆಗೆದರೆ ಉಳಿಯುವುದು 31,300. ಅದಕ್ಕೂ ತಿಂಗಳಿಗೆ 391 ಲೀಟರ್ ಹೋಗಲೇಬೇಕು. ಮನೆಗೆ ಎರಡು ಲೀಟರಿನಂತೆ ಸುಮಾರು ಇನ್ನೂರು ಮನೆ ಪ್ರತಿ ತಿಂಗಳು ಮರೆಯದೆ ಬರಬೇಕು. ಪುಕ್ಕಟೆ ಗಾಣಕ್ಕೂ ಇಷ್ಟು ಗಿರಾಕಿ ಬೇಕು ಅಂದಮೇಲೆ, ಮೊದಲು ಹುಡುಕಬೇಕಾದ್ದು ಯಾವುದನ್ನು ಅನ್ನುವುದು ಸ್ಪಷ್ಟ.

ಗಾಣದ ಬದಲು ರೊಟ್ಟಿ ಮಷಿನ್ನು, ದೋಸೆಹಿಟ್ಟು, ಟೈಲರಿಂಗ್ ಯಾವುದೇ ಇರಲಿ, ಬದಲಾಗುವುದು ಅವಧಿ ಒಂದೇ. ದೋಸೆಹಿಟ್ಟಿನಲ್ಲಿ ಎರಡನೇ ಖರೀದಿ ವಾರದೊಳಗೆ ಗೊತ್ತಾಗುತ್ತದೆ, ಎಣ್ಣೆಯಲ್ಲಿ ತಿಂಗಳು ಬೇಕು, ಬ್ಲೌಸ್ ಹೊಲಿಗೆಯಲ್ಲಿ ಇನ್ನೊಂದು ಹಬ್ಬದವರೆಗೆ ಕಾಯಬೇಕಾಗಬಹುದು. ಗಾಣದ ಪರೀಕ್ಷೆ ಮಾಡುವವರು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಕೊಂಡರೆ ಸಾಕು: ಕೇಳಿದ ಮನೆ, ಮುಂಗಡ ಕೊಟ್ಟ ಮನೆ, ಎಣ್ಣೆ ತಗೊಂಡ ಮನೆ, ಕರೆಯದೆ ಮತ್ತೆ ಬಂದ ಮನೆ. ಬ್ಯಾಂಕಿಗೆ ಹೋಗಬೇಕೋ ಬೇಡವೋ ಅನ್ನುವುದನ್ನು ನಾಲ್ಕನೇ ಕಾಲಂ ನೋಡಿ ತೀರ್ಮಾನಿಸಬೇಕು.